ಮ್ಯಾನೇಜ್‌ಮೆಂಟ್ ವಾಪಸ್ ಕಳಿಸದಂಥ ಅಟ್ರಿಷನ್ ವರದಿ ಮಾಡುವುದು ಹೇಗೆ

ಅಟ್ರಿಷನ್ ವರದಿ, ಅಂದರೆ ಎಷ್ಟು ಜನ ಕೆಲಸ ಬಿಟ್ಟರು, ಯಾಕೆ ಬಿಟ್ಟರು ಎಂಬ ವರದಿ, ಮೀಟಿಂಗ್‌ನಲ್ಲಿ ಎಡವುವುದು ಹೆಚ್ಚಾಗಿ ಎರಡೇ ಕಡೆ. ಮೊದಲನೆಯದು, ಯಾರೋ ಒಬ್ಬರು "ನಮ್ಮ ವಿಭಾಗದಲ್ಲಿ ಇಷ್ಟು ಜನ ಬಿಟ್ಟಿಲ್ಲವಲ್ಲ?" ಎಂದು ಕೇಳುತ್ತಾರೆ. ಅಲ್ಲಿಂದ ಮುಂದೆ ಇಡೀ ಒಂದು ಗಂಟೆ ಅಂಕಿ ಸರಿಯೋ ತಪ್ಪೋ ಎಂಬುದರಲ್ಲೇ ಕಳೆದುಹೋಗುತ್ತದೆ. ಎರಡನೆಯದು, ಅಂಕಿಗಳನ್ನೆಲ್ಲ ಒಪ್ಪಿಕೊಂಡ ಮೇಲೆ "ಸರಿ, ಈಗೇನು ಮಾಡೋಣ?" ಎಂಬ ಪ್ರಶ್ನೆ ಬರುತ್ತದೆ. ವರದಿಯಲ್ಲಿ ಅದಕ್ಕೆ "ಉದ್ಯೋಗಿಗಳ ತೊಡಗಿಸಿಕೊಳ್ಳುವಿಕೆ ಹೆಚ್ಚಿಸಬೇಕು" ಎನ್ನುವಂಥ ಒಂದು ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ.

ಎರಡಕ್ಕೂ ಮೂಲ ಒಂದೇ. ಬಿಟ್ಟವರನ್ನು ಮಾತ್ರ ಎಣಿಸಿ, ಇದ್ದವರನ್ನು ಎಣಿಸದೇ ಬಿಡುವುದು. ಕೆಳಗಿನ ಕ್ರಮ ಈ ತಪ್ಪನ್ನು ತಪ್ಪಿಸುವುದಕ್ಕಾಗಿಯೇ ಇದೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಚಾರ್ಟ್‌ನಿಂದ ಶುರು ಮಾಡಿದವರು ಕೊನೆಗೆ ಮೊದಲ ಹಂತಕ್ಕೇ ವಾಪಸ್ ಬರಬೇಕಾಗುತ್ತದೆ.

ಅರ್ಥ ಆಗಲಿ ಎಂದು ಒಂದು ಕಲ್ಪಿತ ಕಂಪನಿಯ ಲೆಕ್ಕವನ್ನು ಉದ್ದಕ್ಕೂ ಇಟ್ಟುಕೊಳ್ಳುತ್ತೇನೆ. ವರ್ಷದ ಶುರುವಿನಲ್ಲಿ 390 ಜನ, ಕೊನೆಯಲ್ಲಿ 410 ಜನ, ನಡುವೆ 72 ಎಕ್ಸಿಟ್. ಅಂಕಿಗಳನ್ನು ಉದಾಹರಣೆಗಾಗಿ ಹೊಂದಿಸಿಕೊಂಡದ್ದು. ನಿಮ್ಮ ಕಂಪನಿಯ ಅಂಕಿಗಳನ್ನು ಇವುಗಳ ಜೊತೆ ಹೋಲಿಸಬೇಡಿ, ಕ್ರಮವನ್ನಷ್ಟೇ ತೆಗೆದುಕೊಳ್ಳಿ.

## ಮೊದಲು ಕೈಯಲ್ಲಿ ಇರಬೇಕಾದ್ದು

ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು. ಬೇಕಾದದ್ದು ಎರಡು ಪಟ್ಟಿ.

ಒಂದು, ಆ ವರ್ಷದಲ್ಲಿ ಒಂದು ದಿನವಾದರೂ ಕೆಲಸದಲ್ಲಿದ್ದ ಪ್ರತಿಯೊಬ್ಬರ ಪಟ್ಟಿ. ಎಕ್ಸಿಟ್ ಆದವರದಷ್ಟೇ ಸಾಲದು. ಒಬ್ಬರಿಗೆ ಒಂದು ಸಾಲು. ಅದರಲ್ಲಿ ಉದ್ಯೋಗಿ ಸಂಖ್ಯೆ, ವಿಭಾಗ, ಸೇರಿದ ದಿನ, ರಾಜೀನಾಮೆ ಕೊಟ್ಟ ದಿನ, ಕೊನೆಯ ಕೆಲಸದ ದಿನ, ಎಕ್ಸಿಟ್‌ನ ಬಗೆ ಇರಬೇಕು. ಕೆಳಗಿನ ಸೂತ್ರಗಳಲ್ಲಿ ಇವು ಕ್ರಮವಾಗಿ A ಯಿಂದ F ವರೆಗಿನ ಕಾಲಂಗಳು.

ಎರಡು, ಪ್ರತಿ ತಿಂಗಳ ಕೊನೆಯ ದಿನದ ಹೆಡ್‌ಕೌಂಟ್ ಪಟ್ಟಿಯ, ಅಂದರೆ ಆ ದಿನ ಕೆಲಸದಲ್ಲಿದ್ದವರ ಪಟ್ಟಿಯ, ಪ್ರತಿ. ಇದು ಯಾಕೆ ಅಂದರೆ, ಮುಖ್ಯ ಪಟ್ಟಿಯಲ್ಲಿ ಇರುವುದು ಈಗಿನ ವಿಭಾಗ. ಏಪ್ರಿಲ್‌ನಲ್ಲಿ ಸಪೋರ್ಟ್‌ನಲ್ಲಿದ್ದು ಆಗಸ್ಟ್‌ನಲ್ಲಿ ಸೇಲ್ಸ್‌ಗೆ ಹೋದವರು ಈಗಿನ ಪಟ್ಟಿಯ ಪ್ರಕಾರ ಏಪ್ರಿಲ್‌ನಲ್ಲೂ ಸೇಲ್ಸ್‌ನಲ್ಲೇ ಇದ್ದಂತೆ ಕಾಣುತ್ತಾರೆ. ಹಳೆಯ ಪ್ರತಿಗಳು ಇಲ್ಲದಿದ್ದರೆ ಸಂಬಳದ ಪಟ್ಟಿಗಳಿಂದ ತೆಗೆಯಬಹುದು. ಸಂಬಳ ತಿಂಗಳು ತಿಂಗಳು ಆಗಿರುತ್ತದೆ, ಅಲ್ವಾ? ವಿಭಾಗದ ಹೆಸರೂ ಅಲ್ಲಿ ಇರುತ್ತದೆ.

## ಹಂತ 1: ಯಾರನ್ನು ಎಣಿಸುತ್ತೀರಿ ಎಂದು ಮೊದಲೇ ಬರೆದಿಡಿ

ಒಂದೂ ಸೂತ್ರ ಹಾಕುವ ಮುನ್ನ ಅರ್ಧ ಪುಟದಲ್ಲಿ ನಿಯಮಗಳನ್ನು ಬರೆಯಿರಿ. ಇವು ವರದಿಯ ಕೊನೆಯಲ್ಲಿ ಹಾಗೇ ಹೋಗುತ್ತವೆ.

ಗುತ್ತಿಗೆಯವರು, ಇಂಟರ್ನ್‌ಗಳು ಸೇರುತ್ತಾರೋ ಇಲ್ಲವೋ? ಯಾವುದಾದರೂ ಸರಿ, ಆದರೆ ಬಿಟ್ಟವರ ಪಟ್ಟಿಯಲ್ಲಿ ಸೇರಿಸಿದರೆ ಹೆಡ್‌ಕೌಂಟ್‌ನಲ್ಲೂ ಸೇರಿಸಬೇಕು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಶೇಕಡಾವಾರು ಅಲ್ಲೇ ಕೆಟ್ಟಿತು. ವಿಭಾಗದಿಂದ ವಿಭಾಗಕ್ಕೆ ವರ್ಗಾವಣೆ ಆದವರು ಎಕ್ಸಿಟ್ ಅಲ್ಲ. ವಿಭಾಗದ ಮುಖ್ಯಸ್ಥರು ಅವರನ್ನೂ "ಹೋದವರು" ಎಂದೇ ನೆನಪಿಟ್ಟುಕೊಂಡಿರುತ್ತಾರೆ. ಹಾಗಾಗಿ ವರ್ಗಾವಣೆ ಎಷ್ಟು ಎಂದು ಪಕ್ಕದಲ್ಲಿ ಬೇರೆಯಾಗಿ ಒಂದು ಅಂಕಿ ಕೊಡಿ. ಮೀಟಿಂಗ್‌ನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಆಮೇಲೆ ಎಕ್ಸಿಟ್‌ನ ಬಗೆ. ಮೂರು ಸಾಕು: ತಾವಾಗಿ ಬಿಟ್ಟವರು, ಕಂಪನಿ ಕಳಿಸಿದವರು, ಉಳಿದವರು. ಕೊನೆಯ ಗುಂಪಿನಲ್ಲಿ ನಿವೃತ್ತಿ, ಮರಣ, ಒಪ್ಪಂದ ಮುಗಿದದ್ದು ಬರುತ್ತವೆ. ನಮ್ಮ ಉದಾಹರಣೆಯಲ್ಲಿ 72ರಲ್ಲಿ 54 ಜನ ತಾವಾಗಿ ಬಿಟ್ಟವರು, 12 ಜನ ಕಂಪನಿ ಕಳಿಸಿದವರು, 6 ಉಳಿದವರು. ಹೇಳದೇ ಕೇಳದೇ ಬರುವುದನ್ನು ನಿಲ್ಲಿಸಿದವರನ್ನು ಎಲ್ಲಿಗೆ ಹಾಕುತ್ತೀರಿ ಎಂಬುದನ್ನೂ ಬರೆಯಿರಿ. ನಾನು ತಾವಾಗಿ ಬಿಟ್ಟವರಲ್ಲಿ ಹಾಕುತ್ತೇನೆ, ಹೋಗಬೇಕೆಂದು ತೀರ್ಮಾನ ಮಾಡಿದ್ದು ಅವರೇ ಆದ್ದರಿಂದ.

ಇಲ್ಲೊಂದು ಎಚ್ಚರಿಕೆ. "ರಾಜೀನಾಮೆ" ಎಂದು ದಾಖಲಾದದ್ದೆಲ್ಲ ತಾವಾಗಿ ಬಿಟ್ಟದ್ದಲ್ಲ. ಕೆಲಸ ಸರಿಯಿಲ್ಲ ಎಂದು ರಾಜೀನಾಮೆ ಬರೆಸಿಕೊಂಡು ಕಳಿಸುವುದು ಎಷ್ಟೋ ಕಡೆ ನಡೆಯುತ್ತದೆ. ಕೆಲಸದ ಮಟ್ಟದ ಬಗ್ಗೆ ನೋಟಿಸ್ ಕೊಟ್ಟ ಕೆಲವೇ ವಾರಗಳಲ್ಲಿ ಬಂದ ರಾಜೀನಾಮೆಗಳನ್ನು ಬೇರೆ ತೆಗೆದು, ಎಚ್‌ಆರ್‌ನಲ್ಲಿ ಆ ಫೈಲ್ ನೋಡಿದವರನ್ನು ಕೇಳಿ ಗುಂಪು ನಿರ್ಧರಿಸಿ.

## ಹಂತ 2: ಹೆಡ್‌ಕೌಂಟ್ ತಾಳೆ ಆಗುವವರೆಗೆ ಮುಂದೆ ಹೋಗಬೇಡಿ

ಶುರುವಿನ ಸಂಖ್ಯೆಗೆ ಹೊಸಬರನ್ನು ಕೂಡಿಸಿ ಬಿಟ್ಟವರನ್ನು ಕಳೆದರೆ ಕೊನೆಯ ಸಂಖ್ಯೆ ಬರಬೇಕು. ನಮ್ಮಲ್ಲಿ 390 + 92 − 72 = 410. ಒಬ್ಬರು ಹೆಚ್ಚು ಕಡಿಮೆಯಾದರೂ ಕಾರಣ ಹುಡುಕಿ. ಬಿಟ್ಟು ಮತ್ತೆ ಸೇರಿದವರು ಒಂದೇ ಸಂಖ್ಯೆಯಲ್ಲಿ ಎರಡು ಸಲ ಇರುವುದು, ಇಲ್ಲವೇ ಸೇರಿದ ದಿನವೇ ವಾಪಸ್ ಹೋದವರು, ಸಾಮಾನ್ಯವಾಗಿ ಇವರೇ ಸಿಗುತ್ತಾರೆ.

ಮುಂದೆ ತಿಂಗಳ ಕೊನೆಯ ಹೆಡ್‌ಕೌಂಟ್. K ಕಾಲಂನಲ್ಲಿ ವರ್ಷ ಶುರುವಾಗುವ ಹಿಂದಿನ ದಿನ ಮತ್ತು 12 ತಿಂಗಳ ಕೊನೆಯ ದಿನ, ಒಟ್ಟು 13 ದಿನಾಂಕ ಹಾಕಿ. ಪಕ್ಕದಲ್ಲಿ ಈ ಸೂತ್ರ:

```
=COUNTIFS(C:C,"<="&K2,E:E,">"&K2)
 +COUNTIFS(C:C,"<="&K2,E:E,"")
```

ಮೊದಲ ಭಾಗ ಆಮೇಲೆ ಬಿಟ್ಟವರನ್ನು ಎಣಿಸುತ್ತದೆ, ಎರಡನೆಯದು ಇನ್ನೂ ಇರುವವರನ್ನು. 13 ಸಂಖ್ಯೆಗಳ ಸರಾಸರಿಯೇ ನಿಮ್ಮ ಸರಾಸರಿ ಹೆಡ್‌ಕೌಂಟ್. ನಮ್ಮಲ್ಲಿ ಅದು 400. ಹಾಗಾಗಿ ಒಟ್ಟು ಅಟ್ರಿಷನ್ 72ನ್ನು 400ರಿಂದ ಭಾಗಿಸಿದರೆ ಶೇ 18, ತಾವಾಗಿ ಬಿಟ್ಟದ್ದು 54ನ್ನು 400ರಿಂದ ಭಾಗಿಸಿದರೆ ಶೇ 13.5.

ವರ್ಷದ ಕೊನೆಯ ಸಂಖ್ಯೆಯಿಂದ ಭಾಗಿಸುವುದು ಸುಲಭ, ಆದರೆ ಬೆಳೆಯುತ್ತಿರುವ ವಿಭಾಗಕ್ಕೆ ಅದು ಸುಮ್ನೆ ಬಣ್ಣ ಬಳಿದಂತೆ. ನಮ್ಮ ಸಪೋರ್ಟ್ ವಿಭಾಗ 92ರಿಂದ 110ಕ್ಕೆ ಹೋಗಿದೆ, ಸರಾಸರಿ 100. ತಾವಾಗಿ ಬಿಟ್ಟವರು 24. ಸರಾಸರಿಯಿಂದ ಶೇ 24, ಕೊನೆಯ ಸಂಖ್ಯೆಯಿಂದ ಶೇ 21.8. ಜನ ಅಷ್ಟೇ ಬಿಟ್ಟಿದ್ದಾರೆ, ನೇಮಕಾತಿ ಜಾಸ್ತಿ ಆದದ್ದಕ್ಕೆ ಅಟ್ರಿಷನ್ ಇಳಿದಂತೆ ಕಾಣುತ್ತದೆ.

ಇಲ್ಲಿಂದ ಮುಂದೆ ತಾವಾಗಿ ಬಿಟ್ಟ 54 ಜನರನ್ನಷ್ಟೇ ಇಟ್ಟುಕೊಳ್ಳೋಣ. ಕಂಪನಿಯೇ ಕಳಿಸಿದವರ ಪ್ರಶ್ನೆ ಬೇರೆ, ಅದಕ್ಕೆ ಉತ್ತರವೂ ಬೇರೆ.

## ಹಂತ 3: ವಿಭಾಗವಾರು ಪಟ್ಟಿ

ಇದು ಬೇಗ ಆಗುವ ಕೆಲಸ. ಛೇದಕ್ಕೆ ಮಾತ್ರ ತಿಂಗಳ ಪ್ರತಿಗಳಿಂದ ಎಣಿಸಿದ ವಿಭಾಗದ ಸರಾಸರಿಯನ್ನೇ ಹಾಕಿ.

| ವಿಭಾಗ | ಸರಾಸರಿ ಜನ | ತಾವಾಗಿ ಬಿಟ್ಟವರು | ಶೇಕಡಾ |
|---|---|---|---|
| ಸಪೋರ್ಟ್ | 100 | 24 | 24.0 |
| ಎಂಜಿನಿಯರಿಂಗ್ | 140 | 15 | 10.7 |
| ಸೇಲ್ಸ್ | 80 | 9 | 11.3 |
| ಆಪರೇಷನ್ಸ್ | 65 | 4 | 6.2 |
| ಫೈನಾನ್ಸ್ | 15 | 2 | 13.3 |
| ಒಟ್ಟು | 400 | 54 | 13.5 |

ಈ ಪಟ್ಟಿಯನ್ನು ಶೇಕಡಾ ಪ್ರಕಾರ ಜೋಡಿಸಿದರೆ ಫೈನಾನ್ಸ್ ಎರಡನೇ ಸ್ಥಾನಕ್ಕೆ ಬಂದು ಕೂರುತ್ತದೆ. ಅಲ್ಲಿರುವುದು 15 ಜನ. ಒಬ್ಬರು ಕಡಿಮೆ ಬಿಟ್ಟಿದ್ದರೆ ಶೇ 6.7, ಒಬ್ಬರು ಜಾಸ್ತಿ ಬಿಟ್ಟಿದ್ದರೆ ಶೇ 20. ಒಬ್ಬ ವ್ಯಕ್ತಿಯ ತೀರ್ಮಾನಕ್ಕೆ ಇಷ್ಟು ಕುಣಿಯುವ ಅಂಕಿಯ ಮೇಲೆ ಯಾವ ಮಾತನ್ನೂ ಕಟ್ಟಬಾರದು. ನಾನು ಪಾಲಿಸುವ ನಿಯಮ ಇಷ್ಟೇ: ಒಬ್ಬರನ್ನು ಕೂಡಿಸಿ, ಒಬ್ಬರನ್ನು ಕಳೆದು ನೋಡುವುದು. ವಿಭಾಗದ ಸ್ಥಾನವೇ ಬದಲಾಗಿಹೋದರೆ ಶೇಕಡಾವನ್ನು ತೆಗೆದು "15 ಜನರಲ್ಲಿ 2" ಎಂದು ಬರೆಯುವುದು. ಸಪೋರ್ಟ್‌ಗೆ ಇದೇ ಪರೀಕ್ಷೆ ಮಾಡಿ. 23 ಆದರೂ 25 ಆದರೂ ಅದು ಮೊದಲ ಸ್ಥಾನದಲ್ಲೇ ಇರುತ್ತದೆ.

ಬಣ್ಣದ ಚಾರ್ಟ್‌ನಲ್ಲಿ ಸಣ್ಣ ವಿಭಾಗವೊಂದು ಕೆಂಪಗೆ ಎದ್ದು ಕಾಣುತ್ತಿದ್ದರೆ ಇದೇ ತಪ್ಪು ಆಗಿದೆ ಎಂದು ತಿಳಿಯಿರಿ.

## ಹಂತ 4: ಸೇವಾವಧಿಯ ಪ್ರಕಾರ ನೋಡಿ, ಇಲ್ಲಿ ಅವಸರ ಬೇಡ

ಹೆಚ್ಚು ವರದಿಗಳು ಕೆಡುವುದು ಇಲ್ಲಿ. ಮೊದಲು ಬಿಟ್ಟ ಪ್ರತಿಯೊಬ್ಬರ ಸೇವೆ ಎಷ್ಟು ತಿಂಗಳು ಎಂದು ತೆಗೆಯಿರಿ:

```
=DATEDIF(C2,E2,"m")
```

ಆಮೇಲೆ ಗುಂಪು ಮಾಡಿ. ಗುಂಪುಗಳು ಸಮನಾಗಿ ಇರಬೇಕಿಲ್ಲ. ಮೊದಲ ವರ್ಷವನ್ನು ಎರಡು ಭಾಗ ಮಾಡಲೇಬೇಕು, ಯಾಕಂದರೆ ಮೂರನೇ ತಿಂಗಳಲ್ಲಿ ಬಿಡುವವರಿಗೂ ಹನ್ನೊಂದನೇ ತಿಂಗಳಲ್ಲಿ ಬಿಡುವವರಿಗೂ ಕಾರಣ ಒಂದೇ ಇರುವುದು ಅಪರೂಪ.

ಸಾಮಾನ್ಯವಾಗಿ ಜನ ಮಾಡುವುದು ಏನು? 54 ಜನರನ್ನು ಈ ಗುಂಪುಗಳಲ್ಲಿ ಹಂಚಿ ಒಂದು ಪೈ ಚಾರ್ಟ್ ಹಾಕುವುದು. ನಮ್ಮ ಕಂಪನಿಯಲ್ಲಿ ಅದು ಹೀಗೆ ಹೇಳುತ್ತದೆ: ಮೊದಲ ಆರು ತಿಂಗಳಲ್ಲಿ ಬಿಟ್ಟವರು 17, ಅಂದರೆ ಶೇ 31. ಎರಡರಿಂದ ಐದು ವರ್ಷದವರು 13, ಅಂದರೆ ಶೇ 24. ಇದನ್ನು ನೋಡಿದ ಯಾರಾದರೂ "ನಮ್ಮ ಅನುಭವಿಗಳು ಹೋಗುತ್ತಿದ್ದಾರೆ, ಎರಡನೇ ದೊಡ್ಡ ಸಮಸ್ಯೆ ಅದೇ" ಎನ್ನುತ್ತಾರೆ. ಆದರೆ ಎರಡರಿಂದ ಐದು ವರ್ಷದವರು ಕಂಪನಿಯಲ್ಲಿ ಇರುವುದೇ ಜಾಸ್ತಿ. ಜಾಸ್ತಿ ಇರುವ ಕಡೆಯಿಂದ ಜಾಸ್ತಿ ಜನ ಹೋಗುವುದರಲ್ಲಿ ವಿಶೇಷ ಏನಿದೆ?

ಆದ್ದರಿಂದ ಪ್ರತಿ ಗುಂಪಿನಲ್ಲೂ ಇದ್ದವರನ್ನು ಎಣಿಸಬೇಕು. ಮೊದಲ ಆರು ತಿಂಗಳ ಗುಂಪಿಗೆ, ಅದೇ 13 ದಿನಾಂಕಗಳ ಎದುರು:

```
=COUNTIFS(C:C,">"&EDATE(K2,-6),C:C,"<="&K2,E:E,">"&K2)
 +COUNTIFS(C:C,">"&EDATE(K2,-6),C:C,"<="&K2,E:E,"")
```

ಉಳಿದ ಗುಂಪುಗಳಿಗೆ −6ರ ಬದಲು ಬೇರೆ ತಿಂಗಳು, ಮತ್ತು ಮೇಲಿನ ಮಿತಿಗೂ K2 ಬದಲು ಒಂದು EDATE. ಸರಾಸರಿ ತೆಗೆದರೆ ಹೀಗಾಗುತ್ತದೆ:

| ಸೇವಾವಧಿ | ಸರಾಸರಿ ಜನ | ಬಿಟ್ಟವರು | ವಾರ್ಷಿಕ ದರ, ಶೇ |
|---|---|---|---|
| 6 ತಿಂಗಳೊಳಗೆ | 40 | 17 | 42.5 |
| 6–12 ತಿಂಗಳು | 30 | 10 | 33.3 |
| 1–2 ವರ್ಷ | 50 | 8 | 16.0 |
| 2–5 ವರ್ಷ | 150 | 13 | 8.7 |
| 5 ವರ್ಷ ಮೇಲೆ | 130 | 6 | 4.6 |

ಪೈ ಚಾರ್ಟ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದ ಗುಂಪು ಇಲ್ಲಿ ಕೆಳಗಿನಿಂದ ಎರಡನೆಯದು. ಸಮಸ್ಯೆ ಇರುವುದು ಮೊದಲ ವರ್ಷದಲ್ಲಿ ಎಂಬುದು ಈಗ ಸ್ಪಷ್ಟ.

ಸರಾಸರಿಗಳನ್ನು ಕೂಡಿಸಿ ನೋಡಿ. 40, 30, 50, 150, 130 ಸೇರಿ 400 ಆಗಬೇಕು. ಆಗದಿದ್ದರೆ ಗುಂಪುಗಳ ಗಡಿಯಲ್ಲಿ ಯಾರೋ ಎರಡು ಸಲ ಬಂದಿದ್ದಾರೆ, ಇಲ್ಲವೇ ಬಿಟ್ಟುಹೋಗಿದ್ದಾರೆ.

ಈಗ 42.5 ಎಂಬ ಅಂಕಿಯ ಬಗ್ಗೆ. ಇದನ್ನು ಹಾಗೇ ಸ್ಲೈಡ್‌ನಲ್ಲಿ ಹಾಕಿದರೆ "ಹೊಸಬರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಆರು ತಿಂಗಳಲ್ಲಿ ಹೋಗುತ್ತಾರೆ" ಎಂದು ಓದಿಕೊಳ್ಳುತ್ತಾರೆ. ಅದು ತಪ್ಪು. ಇದು ವರ್ಷಕ್ಕೆ ಲೆಕ್ಕ ಹಾಕಿದ ದರ, ಆದರೆ ಒಬ್ಬ ವ್ಯಕ್ತಿ ಆ ಗುಂಪಿನಲ್ಲಿ ಇರುವುದೇ ಹೆಚ್ಚೆಂದರೆ ಆರು ತಿಂಗಳು. ಗುಂಪುಗಳನ್ನು ಒಂದಕ್ಕೊಂದು ಹೋಲಿಸಲು ಈ ದರ ಸರಿ, ಮ್ಯಾನೇಜ್‌ಮೆಂಟ್‌ಗೆ ಹೇಳಲು ಸರಿಯಲ್ಲ.

ಹೇಳಲು ಬ್ಯಾಚ್ ಲೆಕ್ಕ ಬೇಕು. ವರ್ಷದ ಮೊದಲ ಆರು ತಿಂಗಳಲ್ಲಿ ಸೇರಿದವರನ್ನಷ್ಟೇ ತೆಗೆದುಕೊಳ್ಳಿ. ವರ್ಷ ಮುಗಿಯುವ ಹೊತ್ತಿಗೆ ಅವರೆಲ್ಲರಿಗೂ ಆರು ತಿಂಗಳು ತುಂಬುವಷ್ಟು ಸಮಯ ಸಿಕ್ಕಿರುತ್ತದೆ. ನಮ್ಮಲ್ಲಿ ಅಂಥವರು 46, ಅವರಲ್ಲಿ ಆರು ತಿಂಗಳೊಳಗೆ ತಾವಾಗಿ ಬಿಟ್ಟವರು 9. ಅಂದರೆ ಐವರಲ್ಲಿ ಒಬ್ಬರು. ಈ ವಾಕ್ಯ ಯಾರಿಗಾದರೂ ಅರ್ಥವಾಗುತ್ತದೆ, ಯಾರೂ ತಪ್ಪಾಗಿ ಓದುವುದಿಲ್ಲ.

ವರ್ಷದ ಕೊನೆಯಲ್ಲಿ ಸೇರಿದವರನ್ನೂ ಈ ಲೆಕ್ಕಕ್ಕೆ ಎಳೆದುಕೊಳ್ಳಬೇಡಿ. ಕಳೆದ ತಿಂಗಳು ಸೇರಿದವರು ಇನ್ನೂ ಬಿಟ್ಟಿಲ್ಲ ಅಂದರೆ ಉಳಿದುಕೊಂಡರು ಎಂದಲ್ಲ, ಅವರಿಗೆ ಬಿಡುವಷ್ಟು ಸಮಯ ಆಗಿಲ್ಲ ಅಷ್ಟೇ. ಅವರನ್ನು ಸೇರಿಸಿದರೆ ದರ ಚೆನ್ನಾಗಿ ಕಾಣುತ್ತದೆ, ಮುಂದಿನ ವರದಿಯಲ್ಲಿ ಕಾರಣವಿಲ್ಲದೆ ಏರುತ್ತದೆ.

## ಹಂತ 5: ವಿಭಾಗ ಮತ್ತು ಸೇವಾವಧಿ ಒಟ್ಟಿಗೆ, ಆಮೇಲೆ ಒಂದೊಂದೇ ಸಾಲು

ಸಪೋರ್ಟ್‌ನಲ್ಲಿ ಜಾಸ್ತಿ ಬಿಡುತ್ತಿದ್ದಾರೆ. ಹೊಸಬರು ಜಾಸ್ತಿ ಬಿಡುತ್ತಿದ್ದಾರೆ. ಇವು ಎರಡು ಸಮಸ್ಯೆಯೋ ಒಂದೇ ಸಮಸ್ಯೆಯೋ? ಪಿವಟ್ ಟೇಬಲ್ ಹಾಕಿ, ವಿಭಾಗವನ್ನು ಒಂದು ಬದಿಗೆ, ಸೇವಾವಧಿಯನ್ನು ಇನ್ನೊಂದು ಬದಿಗೆ ಇಡಿ. ನಮ್ಮ ಕಂಪನಿಯಲ್ಲಿ ಮೊದಲ ಆರು ತಿಂಗಳಲ್ಲಿ ಬಿಟ್ಟ 17 ಜನರಲ್ಲಿ 12 ಜನ ಸಪೋರ್ಟ್‌ನವರು. ಎಂಜಿನಿಯರಿಂಗ್‌ನ 15ರಲ್ಲಿ 8 ಜನ ಎರಡರಿಂದ ಐದು ವರ್ಷದವರು. ಉಳಿದ ಮನೆಗಳಲ್ಲಿ ಒಂದು, ಎರಡು, ಮೂರು. ಹೆಚ್ಚೆಂದರೆ ಐದು. ಅವುಗಳ ಹಿಂದೆ ಓಡಬೇಡಿ.

ಆದರೂ ಒಂದು ಅನುಮಾನ ಉಳಿಯುತ್ತದೆ. ಸಪೋರ್ಟ್‌ನಲ್ಲಿ ಹೊಸಬರೇ ಜಾಸ್ತಿ, ಹೊಸಬರು ಎಲ್ಲೆಡೆಯೂ ಬಿಡುತ್ತಾರೆ, ಹಾಗಾಗಿ ಸಪೋರ್ಟ್‌ನದು ತಪ್ಪಿಲ್ಲ ಎಂದು ಅದರ ಮುಖ್ಯಸ್ಥರು ಹೇಳಬಹುದು. ನ್ಯಾಯವಾದ ಮಾತೇ. ಅದಕ್ಕೆ ಬ್ಯಾಚ್ ಲೆಕ್ಕವನ್ನೇ ಒಡೆದು ನೋಡಿ. 46 ಹೊಸಬರಲ್ಲಿ 26 ಜನ ಸಪೋರ್ಟ್‌ಗೆ ಸೇರಿದ್ದರು, 7 ಜನ ಬಿಟ್ಟರು. ಉಳಿದ ವಿಭಾಗಗಳಿಗೆ 20 ಜನ, 2 ಬಿಟ್ಟರು. ನಾಲ್ವರಲ್ಲಿ ಒಬ್ಬರಿಗೂ ಹತ್ತರಲ್ಲಿ ಒಬ್ಬರಿಗೂ ವ್ಯತ್ಯಾಸ ಇದೆ. ಅಂಕಿ ಸಣ್ಣದು, ಆದರೆ ಇಡೀ ವರ್ಷದ 17ರಲ್ಲಿ 12 ಎಂಬುದೂ ಅದೇ ದಿಕ್ಕಿಗೆ ತೋರಿಸುತ್ತಿದೆ.

ಇಲ್ಲಿಗೆ ನಿಲ್ಲಿಸಬೇಡಿ. ಆ 12 ಸಾಲುಗಳನ್ನು ತೆರೆದು ಕಣ್ಣಲ್ಲೇ ಓದಿ. ಎಷ್ಟು ದಿನ ಕೆಲಸ ಮಾಡಿದರು ಎಂದು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಹೀಗಿದೆ: 41, 44, 47, 52, 52, 58, 63, 66, 71, ಆಮೇಲೆ ಒಮ್ಮೆಲೇ 118, 140, 163. ಒಂಬತ್ತು ಜನ 41ರಿಂದ 71ನೇ ದಿನದ ನಡುವೆ ಗುಂಪಾಗಿ ನಿಂತಿದ್ದಾರೆ. "ಆರು ತಿಂಗಳೊಳಗೆ" ಎಂಬ ಗುಂಪು ಇದನ್ನು ಮುಚ್ಚಿಟ್ಟಿತ್ತು.

ಈ ಕಂಪನಿಯಲ್ಲಿ ಸಪೋರ್ಟ್ ತರಬೇತಿ ಐದು ವಾರ, ಅಂದರೆ 35 ದಿನ. 36ನೇ ದಿನದಿಂದ ಹೊಸಬರು ತಾವೇ ಗ್ರಾಹಕರ ಕರೆ ತೆಗೆದುಕೊಳ್ಳುತ್ತಾರೆ. ಆದರೆ 41, 44 ಎನ್ನುವುದು ಕೊನೆಯ ಕೆಲಸದ ದಿನ. ಪ್ರೊಬೇಷನ್‌ನಲ್ಲಿ ನೋಟಿಸ್ 15 ದಿನ. ಆ 15 ದಿನವನ್ನು ಕಳೆಯಿರಿ: 26, 29, 32, 37, 37, 43, 48, 51, 56. ಮೂವರು ತರಬೇತಿ ಮುಗಿಯುವ ಮುಂಚೆಯೇ ರಾಜೀನಾಮೆ ಕೊಟ್ಟಿದ್ದಾರೆ. ಆರು ಜನ ಕರೆ ತೆಗೆದುಕೊಳ್ಳಲು ಶುರು ಮಾಡಿದ ಮೊದಲ ಮೂರು ವಾರಗಳಲ್ಲಿ. ಹೊರಗೆ ಹೋದ ದಿನ ನೋಡಿದರೆ "ಎರಡನೇ ತಿಂಗಳಲ್ಲಿ ಏನೋ ಆಗುತ್ತಿದೆ" ಎನಿಸುತ್ತದೆ, ತೀರ್ಮಾನ ಮಾಡಿದ ದಿನ ನೋಡಿದರೆ ಕೈ ನೇರವಾಗಿ ತರಬೇತಿಯಿಂದ ಕರೆಗೆ ದಾಟುವ ಜಾಗದ ಮೇಲೆ ಬೀಳುತ್ತದೆ. ಹೆಡ್‌ಕೌಂಟ್ ಲೆಕ್ಕಕ್ಕೆ ಕೊನೆಯ ಕೆಲಸದ ದಿನ, ಕಾರಣ ಹುಡುಕಲು ರಾಜೀನಾಮೆಯ ದಿನ. ಎರಡೂ ಕಾಲಂ ಬೇಕು ಎಂದು ಮೊದಲೇ ಹೇಳಿದ್ದು ಇದಕ್ಕೇ. ನೋಟಿಸ್ ಮೂರು ತಿಂಗಳು ಇರುವ ಕಡೆ ಈ ಅಂತರ ಇನ್ನೂ ದೊಡ್ಡದು.

ಇನ್ನು ಎಂಜಿನಿಯರಿಂಗ್. ಅಲ್ಲಿ ಎರಡರಿಂದ ಐದು ವರ್ಷದವರು ಸರಾಸರಿ 60 ಜನ, ಬಿಟ್ಟವರು 8, ಶೇ 13.3. ಅದೇ ಸೇವಾವಧಿಯ ಉಳಿದ ವಿಭಾಗಗಳಲ್ಲಿ 90 ಜನರಲ್ಲಿ 5, ಶೇ 5.6. ಹಂತ 4ರಲ್ಲಿ ತಣ್ಣಗೆ ಕಂಡ 8.7ರ ಒಳಗೆ ಒಂದು ಬಿಸಿ ಜಾಗ ಇತ್ತು.

ಎಚ್‌ಆರ್‌ನವರು ಇಲ್ಲಿ ಬೇಗ ಹಿಡಿಯುವ ಕಾರಣ ಬಡ್ತಿ. "ಬಿಟ್ಟ 8 ಜನರಲ್ಲಿ 5 ಜನಕ್ಕೆ ಎರಡು ವರ್ಷದಿಂದ ಬಡ್ತಿ ಆಗಿರಲಿಲ್ಲ" ಎಂದು ಬರೆದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಇದ್ದವರನ್ನೂ ಎಣಿಸಿ. ಆ 60 ಜನರಲ್ಲಿ ಎರಡು ವರ್ಷದಿಂದ ಬಡ್ತಿ ಆಗದವರು 36, ಶೇ 60. ಬಿಟ್ಟವರಲ್ಲಿ 8ಕ್ಕೆ 5, ಶೇ 62.5. ಹೆಚ್ಚು ಕಡಿಮೆ ಒಂದೇ. ಬಡ್ತಿ ಇಲ್ಲದವರು ಬಿಟ್ಟಿದ್ದಾರೆ ನಿಜ, ಬಡ್ತಿ ಇಲ್ಲದವರು ಅಷ್ಟೇ ಪ್ರಮಾಣದಲ್ಲಿ ಕೂತೂ ಇದ್ದಾರೆ. ಈ ಅಂಕಿ ಬಡ್ತಿಯನ್ನು ಕಾರಣ ಎಂದು ತೋರಿಸುವುದಿಲ್ಲ. ಯಾವ ಕಾರಣ ಹೇಳಬೇಕೆಂದಿದ್ದರೂ ಇದೇ ಪರೀಕ್ಷೆ ಮಾಡಿ, ಸಂಬಳ, ಮ್ಯಾನೇಜರ್, ಶಿಫ್ಟ್, ದೂರ, ಏನೇ ಆಗಲಿ.

## ಹಂತ 6: ಅರ್ಥವನ್ನು ಬರೆಯುವುದು

ಪ್ರತಿ ಮುಖ್ಯ ವಿಷಯಕ್ಕೆ ಮೂರು ವಾಕ್ಯ ಸಾಕು. ಏನು ಕಂಡಿತು, ಅದಕ್ಕೆ ಯಾವುದು ಕಾರಣ ಇರಬಹುದು, ನಮಗೆ ಎಷ್ಟು ಖಾತ್ರಿ ಇದೆ. ಸಪೋರ್ಟ್‌ಗೆ ಹೀಗೆ ಬರೆಯಬಹುದು:

"ಸಪೋರ್ಟ್‌ಗೆ ಸೇರುವ ನಾಲ್ವರಲ್ಲಿ ಒಬ್ಬರು ಆರು ತಿಂಗಳೊಳಗೆ ಬಿಡುತ್ತಿದ್ದಾರೆ, ಮತ್ತು ಹೆಚ್ಚಿನವರು ತೀರ್ಮಾನ ಮಾಡುತ್ತಿರುವುದು ತರಬೇತಿಯ ಕೊನೆಯಿಂದ ಕರೆಗಳ ಮೂರನೇ ವಾರದೊಳಗೆ. ತರಬೇತಿಯಿಂದ ಪೂರ್ತಿ ಕೆಲಸಕ್ಕೆ ಒಮ್ಮೆಲೇ ಹಾಕುವುದು ಕಾರಣ ಇರಬಹುದು. ಸಮಯ ಹೊಂದುತ್ತದೆ, ಆದರೆ ಬಿಟ್ಟವರ ಬಾಯಿಂದ ನಾವಿನ್ನೂ ಕೇಳಿಲ್ಲ."

ಕೊನೆಯ ವಾಕ್ಯ ಬರೆಯಲು ಹಿಂಜರಿಯಬೇಡಿ. ಅದು ಇದ್ದರೆ ಉಳಿದ ಎರಡನ್ನು ನಂಬುತ್ತಾರೆ.

ಎಕ್ಸಿಟ್ ಫಾರ್ಮ್‌ನ ಕಾರಣಗಳನ್ನು ಮುಖ್ಯ ಸಾಕ್ಷಿಯಾಗಿ ಇಡಬೇಡಿ. ಅನುಭವ ಪತ್ರ, ಬಾಕಿ ಹಣ ಇನ್ನೂ ಬರಬೇಕಿರುವಾಗ ಯಾರು ತಾನೇ ಮ್ಯಾನೇಜರ್ ಸರಿಯಿಲ್ಲ ಎಂದು ಬರೆದುಕೊಡುತ್ತಾರೆ? "ಉತ್ತಮ ಅವಕಾಶ" ಎಂಬುದು ಎಲ್ಲಿಗೆ ಹೋದರು ಎಂದು ಹೇಳುತ್ತದೆ, ಯಾಕೆ ಹುಡುಕಲು ಶುರು ಮಾಡಿದರು ಎಂದು ಹೇಳುವುದಿಲ್ಲ. ಬಿಟ್ಟು ಎರಡು ಮೂರು ತಿಂಗಳಾದ ಮೇಲೆ, ಅವರ ಮ್ಯಾನೇಜರ್ ಅಲ್ಲದವರು ಫೋನ್ ಮಾಡಿದರೆ ಬೇರೆ ಉತ್ತರ ಸಿಗುವ ಸಾಧ್ಯತೆ ಜಾಸ್ತಿ. 12 ಜನರಲ್ಲಿ ಐದಾರು ಮಂದಿ ಮಾತಾಡಿದರೂ ಸಾಕು.

ಇನ್ನೊಂದು ಮಾತು. ಐದಕ್ಕಿಂತ ಕಡಿಮೆ ಜನರ ಗುಂಪಿಗೆ ಕಾರಣಗಳನ್ನು ವರದಿಯಲ್ಲಿ ಬರೆಯಬೇಡಿ. "ಫೈನಾನ್ಸ್‌ನಲ್ಲಿ ಬಿಟ್ಟ ಇಬ್ಬರಲ್ಲಿ ಒಬ್ಬರು ಆರೋಗ್ಯದ ಕಾರಣಕ್ಕೆ" ಎಂದರೆ ಅದು ಯಾರು ಎಂದು ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ.

## ಹಂತ 7: ಶಿಫಾರಸು

ಒಂದು ಶಿಫಾರಸಿನಲ್ಲಿ ನಾಲ್ಕು ಉತ್ತರ ಇರಬೇಕು. ಏನು ಬದಲಾಗುತ್ತದೆ, ಯಾರು ಮಾಡುತ್ತಾರೆ, ಎಂದಿನಿಂದ, ಫಲಿಸಿತು ಎಂದು ಹೇಗೆ ಗೊತ್ತಾಗುತ್ತದೆ. ಯಾವುದಾದರೂ ಒಂದು ಇಲ್ಲದಿದ್ದರೆ ಅದು ಇನ್ನೂ ಆಸೆ ಅಷ್ಟೇ.

ಸಪೋರ್ಟ್‌ಗೆ: ಮುಂದಿನ ಎರಡು ಬ್ಯಾಚ್‌ಗಳಲ್ಲಿ, ತರಬೇತಿಯ ನಾಲ್ಕನೇ ವಾರದಿಂದಲೇ ಹಳಬರ ಪಕ್ಕ ಕೂತು ನಿಜವಾದ ಕರೆ ಕೇಳಿಸುವುದು, ತರಬೇತಿ ಮುಗಿದ ಮೊದಲ ಮೂರು ವಾರ ಅರ್ಧದಷ್ಟೇ ಕರೆ ಕೊಡುವುದು. ಹೊಣೆ ಸಪೋರ್ಟ್ ಮುಖ್ಯಸ್ಥರದು. ಅಳತೆ: ಸೇರಿದ 90 ದಿನದಲ್ಲಿ ಎಷ್ಟು ಜನ ಉಳಿದರು. ಈಗ 26ರಲ್ಲಿ 6 ಜನ 90 ದಿನದೊಳಗೆ ಬಿಡುತ್ತಿದ್ದಾರೆ. ಖರ್ಚು ಮುಚ್ಚಿಡಬೇಡಿ: ಮೂರು ವಾರ ಅರ್ಧ ಕೆಲಸ ಎಂದರೆ ಒಬ್ಬ ಹೊಸಬರಿಗೆ ಒಂದೂವರೆ ವಾರದ ಕೆಲಸ ಕಡಿಮೆ, ಜೊತೆಗೆ ಪಕ್ಕ ಕೂರಿಸಿಕೊಂಡ ಹಳಬರ ಸಮಯ. ಇದರ ಎದುರು, ಐದು ವಾರ ಸಂಬಳ ಕೊಟ್ಟು ತರಬೇತಿ ಮಾಡಿದ ಆರು ಜನರನ್ನು ಕಳೆದುಕೊಂಡ ಲೆಕ್ಕ ಇಡಿ.

ಒಂದೇ ಬ್ಯಾಚ್ ನೋಡಿ ಗೆದ್ದೆವು ಎನ್ನಬೇಡಿ. 13 ಜನರ ಬ್ಯಾಚ್‌ನಲ್ಲಿ ಮೂವರ ಬದಲು ಇಬ್ಬರು ಬಿಟ್ಟರೆ ಅದು ಯೋಜನೆಯಿಂದಲೂ ಇರಬಹುದು, ಸುಮ್ನೆ ಆದದ್ದೂ ಇರಬಹುದು. ಎರಡೂ ಬ್ಯಾಚ್ ಸೇರಿಸಿ ನೋಡುತ್ತೇವೆ ಎಂದು ವರದಿಯಲ್ಲೇ ಬರೆದುಬಿಡಿ, ಆಗ ನಡುವೆ ಯಾರೂ ಆತುರಪಡಿಸುವುದಿಲ್ಲ.

ಎಂಜಿನಿಯರಿಂಗ್‌ಗೆ ನೀತಿ ಬದಲಾವಣೆಯ ಶಿಫಾರಸು ಬೇಡ, ಕಾರಣವೇ ಗೊತ್ತಿಲ್ಲ. ಅಲ್ಲಿ ಶಿಫಾರಸು ಏನೆಂದರೆ, ಇನ್ನೂ ಇರುವ ಎರಡರಿಂದ ಐದು ವರ್ಷದವರಲ್ಲಿ ಹದಿನೈದು ಜನರ ಜೊತೆ ಎಚ್‌ಆರ್ ಆರು ವಾರಗಳಲ್ಲಿ ಮಾತಾಡುವುದು, ಅದರ ಫಲಿತಾಂಶ ತಂದ ಮೇಲೆ ತೀರ್ಮಾನ ಮಾಡುವುದು. ಎಂಟು ಜನರಲ್ಲಿ ಹೆಚ್ಚಿನವರು ಒಬ್ಬರೇ ಮ್ಯಾನೇಜರ್ ಕೆಳಗಿದ್ದವರು ಎಂದು ಕಂಡರೆ ಅದನ್ನು ಸ್ಲೈಡ್‌ನಲ್ಲಿ ಹಾಕಬೇಡಿ. ಮೊದಲು ಆ ಮ್ಯಾನೇಜರ್ ತಂಡ ಎಷ್ಟು ದೊಡ್ಡದು ನೋಡಿ, ಆಮೇಲೆ ವಿಭಾಗದ ಮುಖ್ಯಸ್ಥರಿಗೆ ಎದುರಲ್ಲಿ ಕೂತು ಹೇಳಿ.

ಎರಡು ಶಿಫಾರಸು ಸಾಕು, ಹೆಚ್ಚೆಂದರೆ ಮೂರು. ಒಂಬತ್ತು ಬರೆದರೆ ಅವರಿಗೆ ಇಷ್ಟವಾದದ್ದನ್ನು ಆರಿಸಿಕೊಳ್ಳುತ್ತಾರೆ, ಅದು ಹೆಚ್ಚಾಗಿ ಅತಿ ಸುಲಭವಾದದ್ದೇ ಆಗಿರುತ್ತದೆ.

## ಹಂತ 8: ಪುಟದ ಮೇಲೆ ಯಾವುದು ಮೊದಲು

ನೀವು ಕೆಲಸ ಮಾಡಿದ ಕ್ರಮದಲ್ಲಿ ಬರೆಯಬೇಡಿ. ಮೊದಲ ಪುಟದ ಮೇಲ್ಭಾಗದಲ್ಲಿ ಒಟ್ಟು ಶೇ 18, ತಾವಾಗಿ ಬಿಟ್ಟದ್ದು ಶೇ 13.5, ಕಳೆದ ವರ್ಷ ಇದೇ ನಿಯಮದಲ್ಲಿ ಎಷ್ಟಿತ್ತು. ಕಳೆದ ವರ್ಷ ಬೇರೆ ನಿಯಮ ಬಳಸಿದ್ದರೆ ಹಳೆಯ ವರ್ಷವನ್ನು ಹೊಸ ನಿಯಮದಲ್ಲಿ ಮತ್ತೆ ಲೆಕ್ಕ ಹಾಕಿ, ಇಲ್ಲದಿದ್ದರೆ ಹೋಲಿಕೆಯನ್ನೇ ಬಿಡಿ. ಅದರ ಕೆಳಗೆ ಸಪೋರ್ಟ್ ಮತ್ತು ಎಂಜಿನಿಯರಿಂಗ್‌ನ ಮೂರು ಮೂರು ವಾಕ್ಯ, ಪ್ರತಿಯೊಂದರ ಪಕ್ಕ ಅದರ ಶಿಫಾರಸು. ಮೊದಲ ಪುಟ ಅಲ್ಲಿಗೆ ಮುಗಿಯಬೇಕು. ಎರಡನೇ ಪುಟದಲ್ಲಿ ವಿಭಾಗದ ಪಟ್ಟಿ, ಸೇವಾವಧಿಯ ಪಟ್ಟಿ. ಮೂರನೆಯದರಲ್ಲಿ ಹಂತ 1ರ ನಿಯಮಗಳು.

ಮೀಟಿಂಗ್‌ಗೆ ಎರಡು ದಿನ ಮುಂಚೆ ಸಪೋರ್ಟ್ ಮತ್ತು ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಅವರವರ ಅಂಕಿ ಮತ್ತು ಹೆಸರಿನ ಪಟ್ಟಿ ತೋರಿಸಿ. "ಇವರು ಬಿಟ್ಟದ್ದಲ್ಲ, ನಾವೇ ಕಳಿಸಿದ್ದು" ಎಂಬಂಥ ತಿದ್ದುಪಡಿ ಇದ್ದರೆ ಆಗಲೇ ಬರಲಿ. ತಿದ್ದುಪಡಿ ಬಂದರೆ ಒಂದು ಸಾಲಷ್ಟೇ ಬದಲಿಸಿ ಬಿಡಬೇಡಿ, ಹಂತ 2ರ ತಾಳೆಯಿಂದ ಮತ್ತೆ ಒಮ್ಮೆ ಎಲ್ಲ ಪಟ್ಟಿಗಳನ್ನೂ ಹಾಯಿಸಿ. ಮೊದಲ ಪುಟದ 54ಕ್ಕೂ ಎರಡನೇ ಪುಟದ ಮೊತ್ತಕ್ಕೂ ಒಂದು ವ್ಯತ್ಯಾಸ ಬಂದರೆ ಮೀಟಿಂಗ್‌ನಲ್ಲಿ ಯಾರ ಕಣ್ಣಿಗಾದರೂ ಅದೇ ಮೊದಲು ಬೀಳುತ್ತದೆ.